ತಪ್ಪು ಖಾತೆಗೆ ಹೋದ ಹಣವನ್ನು ಬ್ಯಾಂಕ್ 48 ಗಂಟೆಯಲ್ಲಿ ವಾಪಸ್ ಕೊಡಿಸುತ್ತದೆಯೇ?

"ತಪ್ಪಾಗಿ ಬೇರೆಯವರ ಖಾತೆಗೆ ಹಣ ಕಳಿಸಿದಿರಾ? ಭಯ ಬೇಡ. ಬ್ಯಾಂಕಿಗೆ ದೂರು ಕೊಟ್ಟರೆ 48 ಗಂಟೆಯೊಳಗೆ ಹಣ ವಾಪಸ್, ಇದು ಆರ್‌ಬಿಐ ನಿಯಮ." ಇಂಥ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಓಡಾಡುತ್ತದೆ. ದೂರು ಕೊಡಬೇಕು ಎಂಬುದು ಸರಿ. 48 ಗಂಟೆಯೊಳಗೆ ಹಣ ಬಂದೇ ಬರುತ್ತದೆ ಎಂಬುದು ಸುಳ್ಳು. ಯಾಕೆಂದು ಒಂದು ಕಾಲ್ಪನಿಕ ಉದಾಹರಣೆಯ ಮೂಲಕ ನೋಡೋಣ.

ಹೊಸದುರ್ಗದ ತೆಂಗು ಬೆಳೆಗಾರರೊಬ್ಬರು ಹೊಳಲ್ಕೆರೆಯ ಟ್ರ್ಯಾಕ್ಟರ್ ಮಾಲೀಕರಿಗೆ ₹18,500 ಬಾಡಿಗೆ ಕೊಡಬೇಕಿತ್ತು. ಮೊಬೈಲ್ ಬ್ಯಾಂಕಿಂಗ್‌ನಲ್ಲಿ ಹೆಸರು ಸರಿಯಾಗಿ ಬರೆದರು, ಖಾತೆ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿತು. ಹಣ ಹಿರಿಯೂರಿನ ಯಾರದೋ ಖಾತೆಗೆ ಹೋಯಿತು. ಹೆಸರೇ ಬೇರೆ ಇರುವಾಗ ಬ್ಯಾಂಕ್ ತಡೆಯಬೇಕಿತ್ತಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಆರ್‌ಬಿಐ 2010ರಲ್ಲೇ ಇದನ್ನು ಸ್ಪಷ್ಟಪಡಿಸಿದೆ: ಎಲೆಕ್ಟ್ರಾನಿಕ್ ಪಾವತಿಯಲ್ಲಿ ಬ್ಯಾಂಕ್ ಖಾತೆ ಸಂಖ್ಯೆಯೊಂದನ್ನೇ ನೋಡಿ ಹಣ ಜಮಾ ಮಾಡಬಹುದು, ಸರಿಯಾದ ಸಂಖ್ಯೆ ಕೊಡುವ ಹೊಣೆ ಕಳಿಸುವವರದು. ನಾವು ಬರೆಯುವ ಹೆಸರು ನಮ್ಮ ನೆನಪಿಗೆ ಮಾತ್ರ ಎಂದುಕೊಳ್ಳಿ.

ಆ ಸಂಖ್ಯೆಯ ಖಾತೆಯೇ ಇಲ್ಲದಿದ್ದರೆ ಅಥವಾ ಅದು ಮುಚ್ಚಿಹೋಗಿದ್ದರೆ ಚಿಂತೆಯಿಲ್ಲ, ಹಣ ತಾನಾಗಿಯೇ ಹಿಂದಿರುಗುತ್ತದೆ. ತೊಂದರೆ ಬರುವುದು ಅಲ್ಲಿ ನಿಜವಾದ ಖಾತೆದಾರರೊಬ್ಬರು ಇದ್ದಾಗ.

ನಮ್ಮ ಬೆಳೆಗಾರರು ಮೊದಲು ಹೋಗಬೇಕಾದದ್ದು ಹಿರಿಯೂರಿಗಲ್ಲ, ತಮ್ಮದೇ ಬ್ಯಾಂಕಿನ ಹೊಸದುರ್ಗ ಶಾಖೆಗೆ. ಫೋನಿನಲ್ಲಿ ಹೇಳಿ ಸುಮ್ಮನಾಗದೆ ಅರ್ಜಿ ಬರೆದುಕೊಡಬೇಕು. ದಿನಾಂಕ, ಸಮಯ, ಮೊತ್ತ, ಹಣ ಹೋದ ಖಾತೆ ಸಂಖ್ಯೆ, ಹೋಗಬೇಕಿದ್ದ ಖಾತೆ ಸಂಖ್ಯೆ, ಜೊತೆಗೆ ವಹಿವಾಟಿನ ಉಲ್ಲೇಖ ಸಂಖ್ಯೆ ಅದರಲ್ಲಿರಲಿ. ಯುಪಿಐ ಮತ್ತು ಐಎಂಪಿಎಸ್‌ನಲ್ಲಿ ಇದು 12 ಅಂಕಿಯದು. ಸ್ವೀಕೃತಿ ಮುದ್ರೆ ಅಥವಾ ದೂರು ಸಂಖ್ಯೆ ಪಡೆಯದೆ ಎದ್ದು ಬರಬೇಡಿ, ಮುಂದಿನ ಎಲ್ಲಕ್ಕೂ ಅದೇ ಆಧಾರ. ಯುಪಿಐ ಆಗಿದ್ದರೆ ಆ್ಯಪ್‌ನಲ್ಲೂ ದೂರು ದಾಖಲಿಸಿ. ಗೂಗಲ್‌ನಲ್ಲಿ ಸಿಕ್ಕ ಕಸ್ಟಮರ್ ಕೇರ್ ನಂಬರಿಗೆ ಮಾತ್ರ ಕರೆ ಮಾಡಬೇಡಿ, ವಂಚಕರು ಅಲ್ಲೂ ಕಾದಿರುತ್ತಾರೆ.

ಹೊಸದುರ್ಗದ ಶಾಖೆ ಈ ಕೋರಿಕೆಯನ್ನು ಹಣ ಸೇರಿದ ಬ್ಯಾಂಕಿಗೆ ಕಳಿಸುತ್ತದೆ. ಆ ಬ್ಯಾಂಕ್ ತನ್ನ ಗ್ರಾಹಕರನ್ನು ಸಂಪರ್ಕಿಸಿ, ಹಣ ಹಿಂತಿರುಗಿಸಲು ಒಪ್ಪಿಗೆ ಕೇಳುತ್ತದೆ. ಅವರು ಒಪ್ಪಿ ಸಹಿ ಹಾಕಿದರೆ ಕೆಲಸ ಮುಗಿಯಿತು. ಒಪ್ಪದಿದ್ದರೆ ಬ್ಯಾಂಕಿನ ದಾರಿ ಬಹುತೇಕ ಅಲ್ಲಿಗೇ ನಿಲ್ಲುತ್ತದೆ. ಒಬ್ಬರ ಖಾತೆಯಿಂದ ಅವರ ಒಪ್ಪಿಗೆಯಿಲ್ಲದೆ, ಇನ್ನೊಬ್ಬರ ಮಾತಿನ ಮೇಲೆ ಹಣ ತೆಗೆಯಲು ಬ್ಯಾಂಕಿಗೆ ಬರುವುದಿಲ್ಲ. ಅವರ ವಿಳಾಸ, ಫೋನ್ ನಂಬರನ್ನೂ ನಿಮಗೆ ಕೊಡುವುದಿಲ್ಲ. ಇದು ಸಿಬ್ಬಂದಿಯ ಹಟವಲ್ಲ. ನಾಳೆ ಯಾರೋ ಬಂದು "ನಿಮ್ಮ ಖಾತೆಯಲ್ಲಿರುವುದು ನನ್ನ ಹಣ" ಎಂದರೆ ನಿಮ್ಮನ್ನು ಕಾಯುವುದೂ ಇದೇ ನಿಯಮ.

ಬ್ಯಾಂಕೇ ತಪ್ಪು ಮಾಡಿದ್ದರೆ ಕಥೆ ಬೇರೆ. 2021ರಲ್ಲಿ ಬಿಹಾರದ ಖಗಡಿಯಾದಲ್ಲಿ ಗ್ರಾಮೀಣ ಬ್ಯಾಂಕೊಂದು ಒಬ್ಬರ ಖಾತೆಗೆ ತಪ್ಪಾಗಿ ₹5.5 ಲಕ್ಷ ಜಮಾ ಮಾಡಿತ್ತು. ಪ್ರಧಾನಿ ಕಳಿಸಿದ ಹಣವೆಂದು ಹೇಳಿ ಅವರು ವಾಪಸ್ ಕೊಡಲಿಲ್ಲ, ಪೊಲೀಸರು ಬಂಧಿಸಿದರು.

ಹಾಗಾದರೆ ಹಿರಿಯೂರಿನವರು ಒಪ್ಪದಿದ್ದರೆ ಹಣ ಅವರದೇ ಆಗುತ್ತದೆಯೇ? ಇಲ್ಲ. ತಪ್ಪಾಗಿ ಬಂದ ಹಣವನ್ನು ಹಿಂದಿರುಗಿಸಲೇಬೇಕು ಎನ್ನುತ್ತದೆ 1872ರ ಕರಾರು ಕಾಯ್ದೆಯ 72ನೇ ಕಲಂ. ತನ್ನದಲ್ಲವೆಂದು ಗೊತ್ತಿದ್ದೂ ಅಪ್ರಾಮಾಣಿಕವಾಗಿ ಬಳಸಿಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ ಪ್ರಕಾರ ಅಪರಾಧ. ಆದರೆ ಈ ಹಕ್ಕನ್ನು ಜಾರಿ ಮಾಡಿಸುವುದು ನ್ಯಾಯಾಲಯ, ಬ್ಯಾಂಕ್ ಅಲ್ಲ. ಖಾತೆದಾರರ ವಿವರ ಕೊಡಲು ಬ್ಯಾಂಕಿಗೆ ಆದೇಶಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ. ₹18,500ಕ್ಕೆ ದಾವೆ ಹೂಡುವುದು ಖರ್ಚಿನ ಮಾತು ಎನಿಸಿದರೆ, ಮೊದಲು ತಾಲ್ಲೂಕಿನ ಕಾನೂನು ಸೇವಾ ಸಮಿತಿ ಅಥವಾ ಚಿತ್ರದುರ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ದಾವೆಗೆ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿಗೆ ಪ್ರಯತ್ನಿಸಬಹುದು, ಅದಕ್ಕೆ ಕೋರ್ಟ್ ಶುಲ್ಕವಿಲ್ಲ.

1930ಕ್ಕೆ ಕರೆ ಮಾಡಿ ಎಂದೂ ಕೆಲವು ಫಾರ್ವರ್ಡ್‌ಗಳು ಹೇಳುತ್ತವೆ. ಆ ಸಹಾಯವಾಣಿ ಇರುವುದು ಸೈಬರ್ ವಂಚನೆಗೆ. ನೀವೇ ತಪ್ಪಾಗಿ ಕಳಿಸಿದ್ದು ವಂಚನೆಯಲ್ಲ. ಬ್ಯಾಂಕ್ ನಿಮ್ಮ ದೂರಿಗೆ 30 ದಿನವಾದರೂ ಉತ್ತರಿಸದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಕೊಡಬಹುದು. ಅಲ್ಲಿ ನೋಡುವುದು ಬ್ಯಾಂಕಿನ ಸೇವೆಯಲ್ಲಿ ಲೋಪ ಆಗಿದೆಯೇ ಎಂದು.

ಇನ್ನೊಂದು ಬದಲಾವಣೆ ಹಲವರಿಗೆ ಗೊತ್ತಿಲ್ಲ. ಹಣ ಕಳಿಸುವ ಮೊದಲೇ ಖಾತೆದಾರರ ಹೆಸರು ತೋರಿಸುವ ವ್ಯವಸ್ಥೆಯನ್ನು ನೆಫ್ಟ್, ಆರ್‌ಟಿಜಿಎಸ್‌ಗೂ 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ಆರ್‌ಬಿಐ ಬ್ಯಾಂಕುಗಳಿಗೆ ಹೇಳಿತ್ತು. ಶಾಖೆಗೆ ಹೋಗಿ ಕಳಿಸುವವರೂ ಇದನ್ನು ಕೇಳಬಹುದು, ಶುಲ್ಕವಿಲ್ಲ.

ನಿಮ್ಮ ಖಾತೆಗೇ ಅಪರಿಚಿತ ಹಣ ಬಂದು, "ತಪ್ಪಾಗಿ ಕಳಿಸಿದೆ, ಈ ನಂಬರಿಗೆ ವಾಪಸ್ ಹಾಕಿ" ಎಂದು ಯಾರಾದರೂ ಕರೆ ಮಾಡಿದರೆ ನೀವಾಗಿ ಕಳಿಸಬೇಡಿ. ನಿಮ್ಮ ಶಾಖೆಗೆ ಬರೆದುಕೊಟ್ಟು, ಬಂದ ಖಾತೆಗೇ ಹಿಂದಿರುಗಿಸಲು ಹೇಳಿ.