ಹೊಲಿದ ಕಿರ್ದಿಯಿಂದ ತಿದ್ದುಪಡಿಯ ಜಾಡಿನವರೆಗೆ

ಗಣಕಯಂತ್ರಕ್ಕೆ ಮೊದಲು ವ್ಯಾಪಾರಿಯ ದಿನದ ಲೆಕ್ಕವು ರೋಜುಕಿರ್ದಿಯಲ್ಲಿರುತ್ತಿತ್ತು. ಪುಟಸಂಖ್ಯೆ ಹಾಕಿ ಹೊಲಿದ ಆ ಪುಸ್ತಕದಲ್ಲಿ ಬರೆದುದನ್ನು ಕೆರೆದು ಅಳಿಸುವ ಪದ್ಧತಿಯಿರಲಿಲ್ಲ. ತಪ್ಪಾದಲ್ಲಿ ಹಳೆಯ ಅಂಕಿ ಕಾಣುವಂತೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು ರುಜು ಹಾಕಬೇಕಿತ್ತು. ಸಂಜೆ ತೆಗೆದ ನಗದು ಶಿಲ್ಕೇ ಮರುದಿನದ ಆರಂಭ. ಹೀಗಾಗಿ ಹಿಂದಿನ ದಿನದ ಒಂದು ಅಂಕಿಯನ್ನು ಬದಲಿಸಿದವನು ಅಲ್ಲಿಂದ ಮುಂದಿನ ಪ್ರತಿ ದಿನದ ಶಿಲ್ಕನ್ನೂ ತಿದ್ದಬೇಕಾಗುತ್ತಿತ್ತು. ಪುಸ್ತಕದ ರಚನೆಯೇ ಅದರ ಕಾವಲಾಗಿತ್ತು.

ನ್ಯಾಯಾಲಯವೂ ಈ ಹೊಲಿಗೆಗೆ ಬೆಲೆ ಕೊಟ್ಟಿದೆ. ವ್ಯವಹಾರಕ್ರಮದಲ್ಲಿ ನಿಯತವಾಗಿ ಇಟ್ಟ ಲೆಕ್ಕದ ಪುಸ್ತಕವನ್ನು 1872ರ ಸಾಕ್ಷ್ಯ ಅಧಿನಿಯಮದ 34ನೆಯ ಪ್ರಕರಣವು ಪರಿಗಣಿಸುತ್ತಿತ್ತು. ಆದರೆ ಕೇವಲ ಅದರ ಬಲದಿಂದ ಯಾರ ಮೇಲೂ ಹೊಣೆ ಹೊರಿಸುವಂತಿರಲಿಲ್ಲ. 1998ರಲ್ಲಿ ವಿ.ಸಿ. ಶುಕ್ಲಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಿಡಿಹಾಳೆಗಳನ್ನು ‘ಪುಸ್ತಕ’ವೆಂದು ಒಪ್ಪಲಿಲ್ಲ. ಅವನ್ನು ಸುಲಭವಾಗಿ ತೆಗೆದು ಬೇರೆ ಹಾಳೆ ಇಡಬಹುದೆಂಬುದೇ ಕಾರಣ.

ಅಷ್ಟರಲ್ಲಿ ಲೆಕ್ಕವು ಕಾಗದವನ್ನು ಬಿಟ್ಟು ಹೊರಟಿತ್ತು. ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ 1986ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸಂಸ್ಥೆಯ ‘ಟ್ಯಾಲಿ’ ತಂತ್ರಾಂಶವು ಕ್ರಮೇಣ ದೇಶದ ಸಣ್ಣ ಅಂಗಡಿಗಳನ್ನೂ ತಲುಪಿತು. ಇಂಥ ತಂತ್ರಾಂಶಗಳಲ್ಲಿ ಹಳೆಯ ವೋಚರನ್ನು ತೆರೆದು ತಿದ್ದುವುದು ಸುಲಭ. ತಿದ್ದಿದೊಡನೆ ಮುಂದಿನ ಶಿಲ್ಕುಗಳೆಲ್ಲ ತಾವಾಗಿಯೇ ಬದಲಾಗುತ್ತವೆ. ಕೂಡುವ ಶ್ರಮ ಉಳಿಯಿತು. ಅದರೊಡನೆ ಹಳೆಯ ಕಾವಲೂ ಹೋಯಿತು.

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಜವಳಿ ವ್ಯಾಪಾರದ ಚಿಕ್ಕ ಕಂಪನಿಯೊಂದಕ್ಕೆ ಜೂನ್ 12ರಂದು ಗಿರಾಕಿಯೊಬ್ಬ 48,000 ರೂಪಾಯಿ ನಗದು ಕೊಡುತ್ತಾನೆ. ಗುಮಾಸ್ತನು ರಸೀತಿ ಹರಿದುಕೊಟ್ಟು, ಅಷ್ಟನ್ನೇ ಜಮಾ ಮಾಡುತ್ತಾನೆ. ಜೂನ್ 30ರಂದು ಅದೇ ವೋಚರನ್ನು ತೆರೆದು 38,000 ಎಂದು ಬದಲಿಸಿ, ಪೆಟ್ಟಿಗೆಯಿಂದ 10,000 ತೆಗೆದುಕೊಳ್ಳುತ್ತಾನೆ. ಆ ಸಂಜೆ ಶಿಲ್ಕಿಗೂ ಪೆಟ್ಟಿಗೆಗೂ ತಾಳೆಯಾಗುತ್ತದೆ. ಜಮಾ ಮತ್ತು ಖರ್ಚು ಎರಡು ಕಡೆಯೂ ಸಮನಾಗಿ ಇಳಿದಿರುವುದರಿಂದ ತಾಳೆಪಟ್ಟಿಯೂ ಕೂಡುತ್ತದೆ. ಗಿರಾಕಿಯ ಖಾತೆಯಲ್ಲಿ ಮಾತ್ರ 10,000 ರೂಪಾಯಿ ಹೆಚ್ಚು ಬಾಕಿ ನಿಲ್ಲುತ್ತದೆ. ಆತನೊಡನೆ ಲೆಕ್ಕ ನೋಡುವ ದಿನದವರೆಗೆ, ಇಲ್ಲವೇ ರಸೀತಿಯ ಅರೆಪ್ರತಿಯನ್ನು ಯಾರಾದರೂ ತೆರೆಯುವವರೆಗೆ, ವಿಷಯ ಹೊರಬೀಳದು.

ಈ ಕೊರತೆಯನ್ನು ತುಂಬಲೆಂದೇ ಕೇಂದ್ರ ಸರ್ಕಾರವು 2021ರ ಮಾರ್ಚ್ 24ರಂದು ಕಂಪನಿಗಳ ಲೆಕ್ಕಪತ್ರ ನಿಯಮಗಳನ್ನು ತಿದ್ದಿತು. ಲೆಕ್ಕದ ತಂತ್ರಾಂಶವು ಪ್ರತಿಯೊಂದು ಬದಲಾವಣೆಯನ್ನೂ ಅದರ ದಿನಾಂಕದೊಡನೆ ದಾಖಲಿಸಬೇಕು, ಆ ದಾಖಲೆಯನ್ನು ನಿಲ್ಲಿಸಲು ಬರಬಾರದು ಎಂಬುದು ಅದರ ಸಾರ. ಎರಡು ಬಾರಿ ಮುಂದೂಡಲ್ಪಟ್ಟು ಇದು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ದಾಖಲೆಯು ವರ್ಷವಿಡೀ ನಡೆದಿದೆಯೇ, ಅದನ್ನು ಯಾರಾದರೂ ಕೆಡಿಸಿದ್ದಾರೆಯೇ, ಸಂರಕ್ಷಿಸಲಾಗಿದೆಯೇ ಎಂಬುದನ್ನು ಲೆಕ್ಕಪರಿಶೋಧಕರು ವರದಿಯಲ್ಲಿ ಹೇಳಬೇಕು. ಚಿಕ್ಕ ಪ್ರೈವೇಟ್ ಲಿಮಿಟೆಡ್ ಕಂಪನಿಗೂ ವಿನಾಯಿತಿಯಿಲ್ಲ. ಒಬ್ಬನೇ ಮಾಲೀಕನ ಅಂಗಡಿಗೂ ಸಾಮಾನ್ಯ ಪಾಲುದಾರಿಕೆಗೂ ಈ ನಿಯಮ ಅನ್ವಯಿಸದು.

ಮೇಲಿನ ಉದಾಹರಣೆಯಲ್ಲಿ ಈ ಜಾಡು ಇದ್ದಿದ್ದರೆ ಜೂನ್ 12ರ 48,000 ಮತ್ತು ಜೂನ್ 30ರ 38,000 ಎರಡೂ ಒಂದರ ಕೆಳಗೊಂದು ಉಳಿಯುತ್ತಿದ್ದವು. ಗೆರೆ ಎಳೆದ ಹಳೆಯ ಅಂಕಿಯಂತೆಯೇ. ಆದರೆ ಪಕ್ಕದ ರುಜು ಯಾರದು? ಮಾಲೀಕ, ಗುಮಾಸ್ತ, ವಾರಕ್ಕೊಮ್ಮೆ ಬರುವ ಲೆಕ್ಕಿಗ, ಮೂವರೂ ಒಂದೇ ಹೆಸರು, ಒಂದೇ ಗುಪ್ತಪದದಿಂದ ಪ್ರವೇಶಿಸುತ್ತಿದ್ದರೆ ಜಾಡು ಆ ಒಂದೇ ಹೆಸರನ್ನು ತೋರಿಸುತ್ತದೆ. ಕಳವು ತಿಳಿಯುತ್ತದೆ, ಮಾಡಿದವನು ತಿಳಿಯುವುದಿಲ್ಲ. ನಿರಪರಾಧಿಯ ಮೇಲೂ ಸಂಶಯದ ನೆರಳು ಬೀಳುತ್ತದೆ. ಆದುದರಿಂದ ಪ್ರತಿಯೊಬ್ಬರಿಗೂ ಬೇರೆ ಹೆಸರಿರಬೇಕು. ನಗದು ಮುಟ್ಟುವವನಿಗೆ ಹೊಸ ವೋಚರ್ ಬರೆಯುವ ಅಧಿಕಾರ ಸಾಕು. ಹಿಂದಿನ ದಿನಾಂಕದ್ದನ್ನು ತಿದ್ದುವ, ಅಳಿಸುವ ಅಧಿಕಾರ ಬೇರೆಯವರಲ್ಲಿರಬೇಕು. ಕೆಲಸ ಬಿಟ್ಟವನ ಹೆಸರನ್ನು ಅಂದೇ ಮುಚ್ಚಬೇಕು; ಹೊಸಬನಿಗೆ ಅದನ್ನೇ ಕೊಡಬಾರದು.

ಇಷ್ಟಾದರೂ ಜಾಡಿಗೆ ಮಿತಿಗಳಿವೆ. ಅಂಗಡಿಯ ಯಂತ್ರದಲ್ಲಿಯೇ ದತ್ತಾಂಶವಿದ್ದು, ಜೂನ್ 10ರ ಬ್ಯಾಕಪ್ಪನ್ನು ಅದರ ಮೇಲೆ ಮರಳಿ ಹಾಕಿದರೆ ಅನಂತರದ ವೋಚರುಗಳೊಡನೆ ಜಾಡೂ ಮಾಯವಾಗಬಹುದು. ಯಂತ್ರದ ಗಡಿಯಾರವನ್ನು ಹಿಂದಿಟ್ಟರೆ ಅದನ್ನೇ ನಂಬುವ ತಂತ್ರಾಂಶದಲ್ಲಿ ತಿದ್ದಿದ ದಿನಾಂಕವೂ ಸುಳ್ಳಾಗುತ್ತದೆ. ತಿಂಗಳ ಕೊನೆಯ ಪ್ರತಿಯೊಂದನ್ನು ಅಂಗಡಿಯ ಹೊರಗೆ, ಲೆಕ್ಕ ಬರೆಯದವರ ಬಳಿ ಇಟ್ಟರೆ ಎರಡನ್ನೂ ಹೋಲಿಸಿ ಕಂಡುಹಿಡಿಯಬಹುದು.

ಜಾಡು ತಾನಾಗಿ ಮಾತನಾಡುವುದಿಲ್ಲ. ಮಾಲೀಕನು ತಿಂಗಳಿಗೊಮ್ಮೆ ಕುಳಿತು ತಡವಾಗಿ ತಿದ್ದಿದ ನಗದು ವೋಚರುಗಳನ್ನೂ ಅಳಿಸಿದವುಗಳನ್ನೂ ಆರಿಸಿ, ರಸೀತಿಯ ಅರೆಪ್ರತಿಯೊಡನೆ ತಾಳೆ ನೋಡಬೇಕು. ಹಿಂದೆ ಯಜಮಾನನು ಸಂಜೆ ಕಿರ್ದಿಯ ಪುಟ ತಿರುವುತ್ತಿದ್ದುದೂ ಇದೇ ಕಾರ್ಯಕ್ಕಾಗಿ.