ಮಾತ್ರೆ ಸೋತ ಮೇಲೆ

1998ರಲ್ಲಿ ಸಿಲ್ಡೆನಾಫಿಲ್ ಮಾರುಕಟ್ಟೆಗೆ ಬಂದ ಮೇಲೆ ನಿಮಿರು ದೌರ್ಬಲ್ಯಕ್ಕೆ ಮಾತ್ರೆಯೊಂದೇ ಮದ್ದು ಎಂಬ ಭಾವನೆ ಬೆಳೆಯಿತು. ಅದಕ್ಕಿಂತ ಹಳೆಯ ಮೂರು ದಾರಿಗಳು ಬದಿಗೆ ಸರಿದವು. ವ್ಯಾಕ್ಯೂಮ್ ಪಂಪಿಗೆ 1917ರಲ್ಲೇ ಪೇಟೆಂಟ್ ದೊರೆತಿತ್ತು. ಗಾಳಿ ಹೊರತೆಗೆದು ರಕ್ತವನ್ನು ಒಳಗೆಳೆದು, ಬುಡಕ್ಕೆ ರಬ್ಬರ್ ಬಳೆ ಹಾಕುವುದು ಅದರ ಕ್ರಮ. ಬಳೆಯನ್ನು ಅರ್ಧ ಗಂಟೆಯೊಳಗೆ ತೆಗೆಯಬೇಕು. ಬುಡ ಸಡಿಲವಾಗಿಯೇ ಇರುತ್ತದೆ, ಚರ್ಮ ತಣ್ಣಗಾಗುತ್ತದೆ. ಎಷ್ಟೋ ಜನ ಇದನ್ನು ಕೈಬಿಡುವುದು ಈ ಕಾರಣಕ್ಕೇ.

ಚುಚ್ಚುಮದ್ದಿನ ಕಥೆ ಶುರುವಾಗುವುದು 1982ರಲ್ಲಿ. ಪ್ಯಾರಿಸ್ಸಿನ ರೊನಾಲ್ಡ್ ವಿರಾಗ್ ಪಪಾವರೀನ್ ಕೊಟ್ಟರೆ ಶಿಶ್ನ ನಿಮಿರುವುದೆಂದು ವರದಿ ಮಾಡಿದರು. ಮರುವರ್ಷ ಲಾಸ್ ವೇಗಾಸಿನ ಮೂತ್ರರೋಗ ತಜ್ಞರ ಸಭೆಯಲ್ಲಿ ಬ್ರಿಟನ್ನಿನ ಗೈಲ್ಸ್ ಬ್ರಿಂಡ್ಲಿ ತಾವೇ ಮದ್ದು ಚುಚ್ಚಿಕೊಂಡು ಬಂದು ಪರಿಣಾಮವನ್ನು ಸಭಿಕರಿಗೆ ತೋರಿಸಿದರು. ಆ ಪ್ರಸಂಗವನ್ನು ಇಂದಿಗೂ ನಗುತ್ತ ನೆನೆಯುವವರು ಅದು ಸಾಬೀತುಪಡಿಸಿದ್ದನ್ನು ಮರೆಯುತ್ತಾರೆ: ನರದ ಸಂಕೇತವಿಲ್ಲದೆಯೂ ಮದ್ದು ನಿಮಿರು ತರಬಲ್ಲದು. ಮಾತ್ರೆಯಾದರೋ ತಾನಾಗಿ ಏನನ್ನೂ ನಿಮಿರಿಸುವುದಿಲ್ಲ. ನರ ಹೊರಡಿಸಿದ ಸಂಕೇತ ಬೇಗ ಆರಿಹೋಗದಂತೆ ತಡೆಯುತ್ತದೆ, ಅಷ್ಟೇ. ಪ್ರಾಸ್ಟೇಟ್ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ನರ ಕತ್ತರಿಸಿಹೋಗಿದ್ದರೆ, ಮಧುಮೇಹದಿಂದ ಸವೆದಿದ್ದರೆ, ಮಾತ್ರೆಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಚುಚ್ಚುಮದ್ದಿಗೆ ನರದ ಹಂಗಿಲ್ಲ, ಅದು ರಕ್ತನಾಳದ ಸ್ನಾಯುವನ್ನೇ ಸಡಿಲಿಸುತ್ತದೆ. ಈಗ ಬಳಕೆಯಲ್ಲಿರುವುದು ಆಲ್‌ಪ್ರೊಸ್ಟಾಡಿಲ್, ಇಲ್ಲವೇ ಅದರ ಜೊತೆ ಪಪಾವರೀನ್, ಫೆಂಟೊಲಮೈನ್ ಬೆರೆಸಿದ ಮಿಶ್ರಣ. ಮೊದಲ ಡೋಸನ್ನು ಕ್ಲಿನಿಕ್ಕಿನಲ್ಲೇ ಕೊಟ್ಟು ನೋಡಿ ಪ್ರಮಾಣ ಗೊತ್ತುಮಾಡುತ್ತಾರೆ. ನಿಮಿರು ನಾಲ್ಕು ಗಂಟೆ ದಾಟಿದರೆ ತುರ್ತು ಚಿಕಿತ್ಸೆ ಬೇಕು. ರಕ್ತ ಹೊರತೆಗೆದು ಫಿನೈಲೆಫ್ರಿನ್ ಕೊಡದಿದ್ದರೆ ಒಳಗಿನ ಅಂಗಾಂಶ ಹಾಳಾಗುತ್ತದೆ.

ಮೂರನೆಯ ದಾರಿಯಾದ, ದ್ರವ ತುಂಬಿಕೊಳ್ಳುವ ಇಂಪ್ಲಾಂಟನ್ನು 1973ರಲ್ಲಿ ಅಮೆರಿಕದ ಬ್ರಾಂಟ್ಲಿ ಸ್ಕಾಟ್ ಪರಿಚಯಿಸಿದರು. ವೃಷಣಚೀಲದಲ್ಲಿರುವ ಪುಟ್ಟ ಪಂಪನ್ನು ಒತ್ತಿದರೆ ಶಿಶ್ನದೊಳಗಿನ ಎರಡು ಸಿಲಿಂಡರುಗಳು ಬಿಗಿಯಾಗುತ್ತವೆ. ಬಗ್ಗಿಸಬಹುದಾದ ಸರಳಿನ ಬಗೆ ಅಗ್ಗ. ಮುಂಬಯಿಯ ರೂಪಿನ್ ಶಾ ಭಾರತಕ್ಕೆಂದೇ ಅಂಥದೊಂದನ್ನು ರೂಪಿಸಿದ್ದಾರೆ.

ಆಯ್ಕೆಗೆ ಮುಂಚೆ ಮಾತ್ರೆ ನಿಜಕ್ಕೂ ಸೋತಿದೆಯೇ ಎಂದು ನೋಡಬೇಕು. ಐವತ್ತೆಂಟರ ಮಧುಮೇಹಿಯೊಬ್ಬರು ಬಂದಿದ್ದಾರೆನ್ನೋಣ. ಅವರು ಕೊಬ್ಬಿನ ಊಟದ ಮೇಲೆ ಸಿಲ್ಡೆನಾಫಿಲ್ ನುಂಗಿ, ಎರಡೇ ಸಲ ನೋಡಿ ಬಿಟ್ಟಿದ್ದರೆ ಅದು ಸೋಲಲ್ಲ. ಪೂರ್ಣ ಡೋಸಿನಲ್ಲಿ ಆರೆಂಟು ಸಲ ಸರಿಯಾಗಿ ಪ್ರಯತ್ನಿಸಿ, ಟೆಸ್ಟೊಸ್ಟೆರಾನ್ ಪರೀಕ್ಷಿಸಿದ ಮೇಲೂ ಫಲ ಕಾಣದಿದ್ದರೆ ಚುಚ್ಚುಮದ್ದು ಕೊಟ್ಟು ಡಾಪ್ಲರ್ ಮಾಡುತ್ತಾರೆ. ರಕ್ತ ಒಳಬರುತ್ತಿದ್ದು ಗಡಸುತನ ಉಳಿದರೆ ಚುಚ್ಚುಮದ್ದೇ ಸಾಕು. ಬಂದ ರಕ್ತ ಸೋರಿಹೋಗುತ್ತಿದ್ದರೆ, ಡೋಸು ಏರಿಸಿದರೂ ಬಿಗಿಯಾಗದಿದ್ದರೆ, ಇಂಪ್ಲಾಂಟಿನ ಮಾತು ಬರುತ್ತದೆ. ಸೂಜಿಗೆ ಹೆದರುವವರಿಗೆ ವ್ಯಾಕ್ಯೂಮ್ ಪಂಪು; ರಕ್ತ ತೆಳುಮಾಡುವ ಔಷಧ ನುಂಗುವವರಿಗೆ ಅದರಿಂದಲೂ ಚರ್ಮ ಕಂದುಗಟ್ಟಬಹುದು.

ಏಣಿಯ ಮೆಟ್ಟಿಲಿನಂತೆ ಒಂದಾದ ಮೇಲೊಂದನ್ನು ಹತ್ತಲೇಬೇಕೆಂಬ ನಿಯಮವನ್ನು ಅಮೆರಿಕದ ಮೂತ್ರರೋಗ ತಜ್ಞರ ಸಂಘ 2018ರಲ್ಲಿ ಕೈಬಿಟ್ಟಿತು. ಆದರೆ ಇಂಪ್ಲಾಂಟಿಗೆ ಮರಳುದಾರಿ ಇಲ್ಲ: ಒಳಗಿನ ಸ್ಪಂಜಿನಂಥ ಅಂಗಾಂಶಕ್ಕೆ ಪೆಟ್ಟಾಗುವುದರಿಂದ, ಸೋಂಕು ತಗಲಿ ತೆಗೆದರೆ ಚುಚ್ಚುಮದ್ದೂ ಸಾಮಾನ್ಯವಾಗಿ ಕೆಲಸ ಮಾಡದು. ಮಧುಮೇಹಿಗಳಲ್ಲಿ ಸಕ್ಕರೆಯನ್ನು ಹತೋಟಿಗೆ ತಂದೇ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡುವುದು ಅದಕ್ಕಾಗಿಯೇ. ಚುಚ್ಚಿಕೊಳ್ಳುವುದನ್ನು ಕಲಿಸಲು ಬಿಡುವಿಲ್ಲದ ಕ್ಲಿನಿಕ್ಕುಗಳಲ್ಲಿ ರೋಗಿ ಮಾತ್ರೆಯಿಂದ ನೇರವಾಗಿ ಆಪರೇಷನ್ ಕೋಣೆಗೆ ಹೋಗಬೇಕಾಗಿ ಬರಬಹುದು.