ಸಾವಿರ ವೀಕ್ಷಣೆಗಳ ಜಾಹೀರಾತು ಆದಾಯ

ಸಾವಿರ ವೀಕ್ಷಣೆಗಳ ಜಾಹೀರಾತು ಆದಾಯ ಎಂಬುದು ಯೂಟ್ಯೂಬ್ ವಾಹಿನಿಯೊಂದಕ್ಕೆ ಪ್ರತಿ ಸಾವಿರ ವೀಕ್ಷಣೆಗೆ ಜಾಹೀರಾತಿನಿಂದ ದೊರೆಯುವ ಸರಾಸರಿ ಹಣ. ಯೂಟ್ಯೂಬ್ ಸ್ಟುಡಿಯೊದಲ್ಲಿ ಕಾಣುವ ಆರ್‌ಪಿಎಂ ಎಂಬ ಅಂಕಿಯಲ್ಲಿ ಇದರ ಜೊತೆಗೆ ಸದಸ್ಯತ್ವ ಮೊದಲಾದ ಗಳಿಕೆಯೂ ಸೇರಿರುತ್ತದೆ. ಸಿಪಿಎಂ ಬೇರೆಯದು, ಅದು ಸಾವಿರ ಬಾರಿ ಜಾಹೀರಾತು ತೋರಿಸಲು ಜಾಹೀರಾತುದಾರನು ತೆರುವ ಬೆಲೆ. ದೀರ್ಘ ವೀಡಿಯೊಗಳಲ್ಲಿ ಈ ಹಣದ ಶೇಕಡಾ 55 ಭಾಗ ವಾಹಿನಿಗೆ ಸಲ್ಲುತ್ತದೆ. ಎಲ್ಲ ವೀಕ್ಷಣೆಗಳಿಗೂ ಜಾಹೀರಾತು ದೊರೆಯುವುದಿಲ್ಲವಾದ್ದರಿಂದ ವಾಹಿನಿಯ ಕೈಸೇರುವ ಮೊತ್ತ ಇನ್ನೂ ತಗ್ಗಬಹುದು.

ವಿಷಯ ಮತ್ತು ದೇಶ

ಜಾಹೀರಾತಿನ ಸ್ಥಳ ಹರಾಜಿನಲ್ಲಿ ಮಾರಾಟವಾಗುತ್ತದೆ. ಸಾಲ, ವಿಮೆ, ಹೂಡಿಕೆಗಳ ವ್ಯವಹಾರದಲ್ಲಿ ಒಬ್ಬ ಗ್ರಾಹಕ ದೊರೆತರೂ ಲಾಭ ದೊಡ್ಡದಾದ್ದರಿಂದ ಆ ವಿಷಯದ ವೀಡಿಯೊಗಳಿಗೆ ಬೆಲೆ ಏರುತ್ತದೆ. ಹಾಸ್ಯದ ವೀಡಿಯೊವನ್ನು ನೋಡುವವರು ಏನನ್ನು ಕೊಳ್ಳಬಯಸುತ್ತಾರೆಂದು ಊಹಿಸುವುದು ಕಷ್ಟ. ಅಲ್ಲಿ ದರ ಕಡಿಮೆ. ಮಕ್ಕಳಿಗಾಗಿ ಮಾಡಿದ ವೀಡಿಯೊಗಳಲ್ಲಿ 2020ರ ಜನವರಿಯಿಂದ ವೀಕ್ಷಕರ ಆಸಕ್ತಿಯನ್ನು ಆಧರಿಸಿದ ಜಾಹೀರಾತುಗಳನ್ನು ನಿಲ್ಲಿಸಲಾಗಿದೆ.

ದರವನ್ನು ನಿರ್ಧರಿಸುವುದು ವೀಡಿಯೊ ತಯಾರಾದ ದೇಶವಲ್ಲ, ನೋಡುಗನಿರುವ ದೇಶ. ಅಮೆರಿಕದಲ್ಲಿರುವ ಕನ್ನಡಿಗನ ವೀಕ್ಷಣೆಗೆ ಅಲ್ಲಿನ ಜಾಹೀರಾತುದಾರರು ಸ್ಪರ್ಧಿಸುವುದರಿಂದ, ಅದು ಕರ್ನಾಟಕದ ವೀಕ್ಷಣೆಗಿಂತ ಸಾಮಾನ್ಯವಾಗಿ ಹೆಚ್ಚು ಹಣ ತರುತ್ತದೆ.

ಲೆಕ್ಕವನ್ನು ತಿಳಿಯಲು ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ಕನ್ನಡ ವಾಹಿನಿಯೊಂದಕ್ಕೆ ತಿಂಗಳಿಗೆ ಭಾರತದಿಂದ 90,000, ಅಮೆರಿಕದಿಂದ 10,000 ವೀಕ್ಷಣೆಗಳಿವೆ ಎಂದಿಟ್ಟುಕೊಳ್ಳೋಣ. ಸಾವಿರಕ್ಕೆ ಅನುಕ್ರಮವಾಗಿ 20 ಮತ್ತು 200 ರೂಪಾಯಿ ಬಂದರೆ ಒಟ್ಟು 1,800 ಮತ್ತು 2,000, ಅಂದರೆ 3,800 ರೂಪಾಯಿ; ಸರಾಸರಿ 38. ಮರುತಿಂಗಳು ಒಂದು ವೀಡಿಯೊ ಭಾರತದಲ್ಲಿ ಜನಪ್ರಿಯವಾಗಿ ಇಲ್ಲಿನ ವೀಕ್ಷಣೆಗಳು 2,90,000ಕ್ಕೆ ಏರಿದರೆ ಒಟ್ಟು ಆದಾಯ 7,800 ರೂಪಾಯಿ ಆಗುತ್ತದೆ. ಆದರೆ ಸರಾಸರಿ 26ಕ್ಕೆ ಇಳಿಯುತ್ತದೆ. ಎರಡೂ ದೇಶಗಳ ದರ ಮೊದಲಿನಂತೆಯೇ ಇದೆ, ಆದಾಯ ಇಮ್ಮಡಿಗೂ ಮಿಕ್ಕಿದೆ. ಆದರೂ ಸರಾಸರಿಯನ್ನಷ್ಟೇ ನೋಡಿದವರಿಗೆ ನಷ್ಟವಾದಂತೆ ತೋರುತ್ತದೆ. ದೇಶವಾರು ಅಂಕಿಗಳನ್ನು ಬಿಡಿಸಿ ನೋಡಿದರೆ ಕಾರಣ ತಿಳಿಯುತ್ತದೆ.

ಋತು

ದೇಶವಾರು ದರಗಳೇ ಒಟ್ಟಿಗೆ ಇಳಿದಿದ್ದರೆ ಕಾಲಮಾನವನ್ನು ಗಮನಿಸಬೇಕು. ಅಮೆರಿಕದಲ್ಲಿ ನವೆಂಬರ್‌ನಿಂದ ಕ್ರಿಸ್‌ಮಸ್‌ವರೆಗೆ, ಭಾರತದಲ್ಲಿ ನವರಾತ್ರಿ, ದೀಪಾವಳಿಗಳ ಸುಮಾರಿಗೆ ಜಾಹೀರಾತುದಾರರ ಪೈಪೋಟಿ ಬಲವಾಗಿರುತ್ತದೆ. ಹಬ್ಬದ ಮಾರಾಟ ಮುಗಿದ ಜನವರಿಯಲ್ಲಿ ದರ ಕುಸಿಯುವುದು ವಾಡಿಕೆ. ಆದ್ದರಿಂದ ಜನವರಿಯನ್ನು ಡಿಸೆಂಬರ್‌ಗಿಂತ ಹಿಂದಿನ ವರ್ಷದ ಜನವರಿಯೊಡನೆ ಹೋಲಿಸುವುದು ಉಚಿತ.

ಅವಧಿ

8 ನಿಮಿಷ ಅಥವಾ ಅದಕ್ಕೂ ದೀರ್ಘವಾದ ವೀಡಿಯೊಗಳ ನಡುವೆಯೂ ಜಾಹೀರಾತು ಹಾಕಬಹುದು. 2020ರ ಜುಲೈಗೆ ಮೊದಲು ಈ ಮಿತಿ 10 ನಿಮಿಷವಾಗಿತ್ತು. ಒಂದೇ ವೀಕ್ಷಣೆಯಲ್ಲಿ ಹಲವು ಜಾಹೀರಾತುಗಳು ಬರುವುದರಿಂದ ಆದಾಯ ಹೆಚ್ಚುತ್ತದೆ. ಆದರೆ 5 ನಿಮಿಷದ ವಿಷಯವನ್ನು 8 ನಿಮಿಷಕ್ಕೆ ಎಳೆದರೆ, ವೀಕ್ಷಕರು ನಡುವಿನ ಜಾಹೀರಾತು ಬರುವ ಮೊದಲೇ ಎದ್ದುಹೋಗುತ್ತಾರೆ.